ರಜೆಯಲ್ಲಿದ್ದಾಗ ಅರ್ಜೆಂಟ್ ಅಂತ ಕರೆದರೆ ಮೊದಲು ಕೇಳಬೇಕಾದದ್ದು: ಏನು ಕೆಟ್ಟಿದೆ?

ಪ್ರಶ್ನೆ: ರಜೆ ಮಂಜೂರಾಗಿ ಊರಿಗೆ ಬಂದಿದ್ದೇನೆ. ಈಗ ಕಂಪನಿಯಿಂದ ಫೋನ್ ಮಾಡಿ ಅರ್ಜೆಂಟ್ ಇದೆ, ವಾಪಸ್ ಬಾ ಅಂತಿದ್ದಾರೆ. ಸಂಬಂಧ ಕೆಡದಂತೆ ‘ಬರಲ್ಲ’ ಅಂತ ಹೇಗೆ ಉತ್ತರ ಕೊಡಲಿ?

ಉತ್ತರ:

ಈ ಫೋನು ನನಗೂ ಬಂದಿತ್ತು. ಹುಬ್ಬಳ್ಳಿಯ ತಾರಿಹಾಳದಲ್ಲಿ ಒಂದು ಮಷೀನ್ ಶಾಪ್, ನಾನು ಅಲ್ಲಿ ಮೇಂಟೆನನ್ಸ್ ನೋಡಿಕೊಳ್ಳುತ್ತಿದ್ದೆ. ತಂಗಿಯ ಕುಬಸಕ್ಕೆ ಅಂತ ರಜೆ ಬರೆದುಕೊಟ್ಟು, ಸಹಿ ಹಾಕಿಸಿಕೊಂಡು ಗದಗಿಗೆ ಬಂದಿದ್ದೆ. ಹಿಂದಿನ ದಿನ ಸಂಜೆ ಮನೆ ಮುಂದೆ ಶಾಮಿಯಾನದ ಗೂಟ ಹೊಡೆಸುತ್ತಿದ್ದಾಗ ಪ್ಲಾಂಟ್ ಮ್ಯಾನೇಜರ್ ಫೋನ್ ಮಾಡಿದರು.

‘ಸಿಎನ್‌ಸಿ ಲೇತ್ ನಿಂತದೋ ಮಾರಾಯಾ, ನಾಳೆ ಡಿಸ್‌ಪ್ಯಾಚ್ ಅದ. ಗದಗ ಏನ್ ದೂರ? ಬಂದು ಹೋಗಿಬಿಡು.’

‘ಆತ್ರೀ ಸರ್’ ಅಂದೆ. ಅಷ್ಟೇ. ಬಾಡಿಗೆ ಕಾರು ಮಾಡಿಕೊಂಡು ರಾತ್ರಿಯೇ ಹೊರಟೆ.

ಆ ‘ಆತ್ರೀ ಸರ್’ ಎಷ್ಟು ದುಬಾರಿ ಆಯ್ತು ಅಂತ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಹೋಗಿ ನೋಡಿದರೆ ಮಷೀನಿನ ಸ್ಕ್ರೀನ್ ಮೇಲೆ `DS0300 APC ALARM: NEED REF RETURN` ಅಂತಿತ್ತು. ಫ್ಯಾನುಕ್ ಕಂಪನಿಯ ಕಂಟ್ರೋಲ್ ಇರುವ ಮಷೀನ್ ಹತ್ತಿರ ಕೆಲಸ ಮಾಡಿದವರಿಗೆ ಇದು ಹೊಸದಲ್ಲ. ಎನ್‌ಕೋಡರ್ ಬ್ಯಾಟರಿ ಸತ್ತುಹೋಗಿದ್ದಾಗ ಮೇನ್ ಪವರ್ ಆಫ್ ಮಾಡಿದರೆ, ತಾನು ಎಲ್ಲಿ ನಿಂತಿದ್ದೇನೆ ಅನ್ನುವುದು ಮಷೀನಿನ ಚಲಿಸುವ ಭಾಗವಾದ ಆ್ಯಕ್ಸಿಸ್‌ಗೆ ಮರೆತುಹೋಗುತ್ತದೆ. ಹೊಸ ಬ್ಯಾಟರಿ ಹಾಕಿ, ಆ್ಯಕ್ಸಿಸ್ ಅನ್ನು ಬಟನ್ ಒತ್ತಿ ನಿಧಾನವಾಗಿ ಸರಿಸಿ ಮಷೀನ್ ಮೇಲಿರುವ ಗುರುತಿಗೆ ತಂದು ನಿಲ್ಲಿಸಿ, ಪ್ಯಾರಾಮೀಟರ್ `1815`ರಲ್ಲಿ `APZ` ಬಿಟ್ ಅನ್ನು `1` ಮಾಡಿ, ಪವರ್ ಆಫ್ ಮಾಡಿ ಆನ್ ಮಾಡಬೇಕು. ಆಮೇಲೆ ಪ್ರೋಗ್ರಾಮನ್ನು ಒಂದೊಂದೇ ಸಾಲಾಗಿ ಓಡಿಸುವ ಸಿಂಗಲ್ ಬ್ಲಾಕ್‌ನಲ್ಲಿ, ರ‍್ಯಾಪಿಡ್ ಪೂರ್ತಿ ಕಡಿಮೆ ಇಟ್ಟು, ಮೊದಲ ಪೀಸ್ ಓಡಿಸಿ ಅಳತೆ ನೋಡಬೇಕು. ಗುರುತು ಕೂದಲೆಳೆಯಷ್ಟು ಆಚೀಚೆ ಆದರೂ ವ್ಯಾಸದಲ್ಲಿ ಫರಕು ಬರುತ್ತದೆ, ಅದನ್ನು ಆಫ್‌ಸೆಟ್‌ನಲ್ಲಿ ಸರಿಮಾಡಿಕೊಳ್ಳಬಹುದು.

ಇದಕ್ಕೆ ನಾನೇ ಬರಬೇಕಿತ್ತಾ? ಇಲ್ಲ. ರಾತ್ರಿ ಶಿಫ್ಟಿನ ಹುಡುಗ ಚುರುಕಿದ್ದ. ವಿಡಿಯೋ ಕಾಲ್‌ನಲ್ಲಿ ಸ್ಕ್ರೀನ್ ತೋರಿಸು ಅಂದಿದ್ದರೆ, ಗದಗದಲ್ಲೇ ಕೂತು ಒಂದೊಂದೇ ಹೆಜ್ಜೆ ಹೇಳಿ ಮಾಡಿಸಬಹುದಿತ್ತು. ‘ಏನ್ ಅಲಾರ್ಮ್ ಬಂದದ ಸರ್, ಒಂದು ಫೋಟೋ ಹಾಕ್ರಿ’ ಅಂತ ನಾನು ಕೇಳಲೇ ಇಲ್ಲ. ಮ್ಯಾನೇಜರ್‌ಗೂ ‘ಮಷೀನ್ ನಿಂತದ’ ಅನ್ನುವುದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ.

ಇದು ಅರ್ಧ ನಷ್ಟ. ಉಳಿದರ್ಧ ಸಂಬಳದ ಚೀಟಿ ಬಂದಾಗ ಕಂಡಿತು. ಮಷೀನ್ ಸರಿಮಾಡಿ ಬೆಳಗಿನ ಜಾವ ವಾಪಸ್ ಬಂದು ಕುಬಸ ಮುಗಿಸಿದ್ದೆ. ಅದೇ ಸಂಜೆ ‘ಹೆಂಗೂ ಬಂದು ಹೋಗಿದಿ, ಉಳಿದ ಕೆಲಸಾನೂ ಮುಗಿಸು’ ಅಂತ ಮತ್ತೆ ಕರೆಸಿಕೊಂಡಿದ್ದರು. ಉಳಿದ ರಜೆಯ ದಿನಗಳಲ್ಲೆಲ್ಲ ನಾನು ಡ್ಯೂಟಿ ಮಾಡಿದ್ದೆ, ಬೆರಳಚ್ಚನ್ನೂ ಒತ್ತಿದ್ದೆ. ಆದರೆ ಅಷ್ಟೂ ದಿನ ಖಾತೆಯಿಂದ ರಜೆ ಕಡಿತ ಆಗಿತ್ತು! ಕೇಳಿದರೆ ಎಚ್‌ಆರ್‌ನವರು ಹೇಳಿದ್ದು ಇಷ್ಟು: ಸಾಫ್ಟ್‌ವೇರ್‌ನಲ್ಲಿ ಆ ದಿನಕ್ಕೆ ಮಂಜೂರಾದ ರಜೆ ಇದ್ದರೆ ಪಂಚ್ ಲೆಕ್ಕಕ್ಕೆ ಬರುವುದಿಲ್ಲ. ರಜೆ ರದ್ದು ಮಾಡಿ ಅಂತ ನೌಕರನೇ ಅರ್ಜಿ ಹಾಕಬೇಕು, ಅದೂ ಪೇರೋಲ್ ಮುಚ್ಚುವ ಮೊದಲು. ಕರೆಸಿದ ಮ್ಯಾನೇಜರ್ ಹತ್ತಿರ ಹೋಗೋಣ ಅಂದರೆ ಅವರು ಅಷ್ಟರಲ್ಲಿ ಕೆಲಸ ಬಿಟ್ಟಿದ್ದರು. ಹೊಸಬರು ‘ಕರೆದಿದ್ದಕ್ಕೆ ಏನಾದ್ರೂ ಬರಹ ಅದ ಏನ್ರಿ?’ ಅಂದರು. ಇರಲಿಲ್ಲ. ಕಾರಿನ ಬಾಡಿಗೆಯೂ ಹಾಗೇ ಹೋಯಿತು. ಇನ್ನೂ ಒಂದು ಮಾತು ಆಮೇಲೆ ಹೊಳೆದು ಮೈ ಜುಂ ಅಂದಿತು: ದಾಖಲೆಯಲ್ಲಿ ರಜೆ ಅಂತಿರುವ ದಿನ ಮಷೀನಿಗೆ ಕೈ ಸಿಕ್ಕಿದ್ದರೆ, ನಾನು ಡ್ಯೂಟಿ ಮೇಲಿದ್ದೆ ಅಂತ ಸಾಬೀತು ಮಾಡುವುದಕ್ಕೇ ಅಲೆಯಬೇಕಿತ್ತು.

ಅದಕ್ಕೇ ನಿಮ್ಮ ಪ್ರಶ್ನೆಯೇ ನನಗೆ ಸರಿ ಕಾಣುತ್ತಿಲ್ಲ. ಏನು ಕೆಟ್ಟಿದೆ ಅಂತ ಗೊತ್ತಾಗುವ ಮೊದಲೇ ‘ಬರಲ್ಲ’ ಅಂತ ತೀರ್ಮಾನ ಮಾಡುವುದೂ ನಾನು ‘ಆತ್ರೀ’ ಅಂದಂತೆಯೇ. ಫೋನ್ ಸ್ವಿಚ್ ಆಫ್ ಮಾಡುವುದಂತೂ ಬೇಡವೇ ಬೇಡ. ನೀವು ಸಿಗದಿದ್ದರೆ ಗೊತ್ತಿಲ್ಲದವರು ಕೈ ಹಾಕಿ, ಚಿಕ್ಕದನ್ನು ದೊಡ್ಡದು ಮಾಡಿಡುತ್ತಾರೆ. ಸುಳ್ಳು ನೆಪವೂ ಬೇಡ. ಅಜ್ಜಿಗೆ ಹುಷಾರಿಲ್ಲ ಅಂತ ಹೇಳಿ ಜಾತ್ರೆಯಲ್ಲಿ ಕಂಡರೆ, ಹುಬ್ಬಳ್ಳಿಗೆ ಸುದ್ದಿ ನಿಮಗಿಂತ ಮೊದಲೇ ಮುಟ್ಟಿರುತ್ತದೆ.

ಫೋನ್‌ನಲ್ಲಿ ‘ಐದು ನಿಮಿಷದಾಗ ಮೆಸೇಜ್ ಹಾಕ್ತೀನ್ರಿ ಸರ್’ ಅಂತ ಮಾತ್ರ ಹೇಳಿ ಇಟ್ಟುಬಿಡಿ. ಆಮೇಲೆ ಕರೆದವರಿಗೆ, ಜೊತೆಗೆ ಎಚ್‌ಆರ್‌ಗೆ ಬರೆಯಿರಿ. ನಾನು ಈಗ ಬರೆಯುವುದು ಹೆಚ್ಚುಕಡಿಮೆ ಹೀಗೆ:

‘ಸರ್, ನಮಸ್ಕಾರ. ಶನಿವಾರದವರೆಗೆ ಮಂಜೂರಾದ ರಜೆಯ ಮೇಲೆ ಗದಗದಲ್ಲಿದ್ದೇನೆ. ತಾವು ಈಗ ಫೋನ್ ಮಾಡಿ ಲೇತ್ ನಿಂತಿದೆ, ಬಾ ಎಂದಿರಿ. ಮೊದಲು ಸ್ಕ್ರೀನ್ ಫೋಟೋ ಕಳಿಸಿದರೆ ರಾತ್ರಿ 9ರವರೆಗೆ ವಿಡಿಯೋ ಕಾಲ್‌ನಲ್ಲಿ ಹೇಳಿಕೊಡುತ್ತೇನೆ. ಅದರಿಂದ ಆಗದಿದ್ದರೆ, ನಾಳೆ ಮನೆಯ ಕಾರ್ಯಕ್ರಮ ಮುಗಿಸಿ ಸಂಜೆ 4ಕ್ಕೆ ಪ್ಲಾಂಟ್‌ನಲ್ಲಿರುತ್ತೇನೆ. ಹಾಗೆ ಬಂದರೆ ನಾಳೆಯಿಂದ ಉಳಿದ ರಜೆ ರದ್ದಾಗಿ ನನ್ನ ಖಾತೆಗೆ ಮರಳಬೇಕು, ಕಾರಿನ ಬಾಡಿಗೆ ಕಂಪನಿ ಕೊಡಬೇಕು. ಒಪ್ಪಿಗೆ ಇದ್ದರೆ ಇಲ್ಲೇ ತಿಳಿಸಿ, ಹೊರಡುತ್ತೇನೆ.’

ಇದರಲ್ಲಿ ಜಗಳ ಎಲ್ಲೂ ಇಲ್ಲ. ಯಾರು, ಯಾಕೆ ಕರೆದರು ಅನ್ನುವುದು ದಾಖಲಾಯಿತು. ಬರುವ ಸಮಯ ನೀವು ಹೇಳಿದ್ದಾಯಿತು. ಖರ್ಚಿನ ಮಾತು ಹೊರಡುವ ಮೊದಲೇ ಆಯಿತು. ಕೆಲಸ ಮುಗಿದ ಮೇಲೆ ಕೇಳಿದರೆ ಯಾರಿಗೂ ನೆನಪಿರುವುದಿಲ್ಲ. ಬಾಡಿಗೆ ಕೊಡಬೇಕು ಅಂದ ಕೂಡಲೇ ಎಷ್ಟೋ ಅರ್ಜೆಂಟುಗಳು ಸೋಮವಾರಕ್ಕೆ ಮುಂದೆ ಹೋಗುವುದನ್ನೂ ನೋಡಿದ್ದೇನೆ.

‘ಹೀಗೆ ಕೇಳೋದು ಚೆನ್ನಾಗಿರಲ್ಲ’ ಅಂತ ನಿಮಗೆ ಅನ್ನಿಸಬಹುದು. ಕೇಂದ್ರ ಸರ್ಕಾರಿ ನೌಕರರ 1972ರ ರಜೆ ನಿಯಮಗಳಲ್ಲಿ 23ನೆಯದನ್ನು ಓದಿ. ರಜೆ ಮುಗಿಯುವ ಮೊದಲೇ ವಾಪಸ್ ಕರೆಸಿಕೊಂಡರೆ, ನೌಕರ ಊರಿಂದ ಹೊರಟ ದಿನದಿಂದಲೇ ಡ್ಯೂಟಿ ಮೇಲಿದ್ದಾನೆ ಅಂತ ಲೆಕ್ಕ, ಪ್ರಯಾಣ ಭತ್ಯೆಯೂ ಉಂಟು. ಸರ್ಕಾರವೇ ಕೊಡುವುದನ್ನು ನೀವು ಕೇಳಿದರೆ ದುರಾಸೆ ಏನಲ್ಲ. ಆದರೆ ಈ ನಿಯಮ ಖಾಸಗಿ ಕಂಪನಿಗೆ ಅನ್ವಯಿಸುವುದಿಲ್ಲ, ಅದನ್ನು ತೋರಿಸಿ ವಾದಕ್ಕೆ ಇಳಿಯಬೇಡಿ. ನಿಮಗೆ ಬೇಕಾದದ್ದು ನಿಮ್ಮ ಅಪಾಯಿಂಟ್‌ಮೆಂಟ್ ಲೆಟರ್ ಮತ್ತು ಕಂಪನಿಯ ರಜೆ ನಿಯಮ. ಅಗತ್ಯ ಬಿದ್ದರೆ ರಜೆ ರದ್ದು ಮಾಡುವ ಹಕ್ಕು ಆಡಳಿತಕ್ಕಿದೆ ಅಂತ ಅಲ್ಲಿ ಬರೆದಿದ್ದರೆ, ಚೌಕಾಶಿ ಮಾಡಲು ನಿಮಗೆ ಉಳಿಯುವುದು ಸಮಯ ಮತ್ತು ಖರ್ಚು ಮಾತ್ರ.

ಮನೆಯಲ್ಲಿ ಸಾವು, ಆಸ್ಪತ್ರೆ ಅಂತಿದ್ದರೆ ಇಷ್ಟೆಲ್ಲ ಬೇಡ. ‘ಬರೋದು ಸಾಧ್ಯ ಇಲ್ರಿ, ಫೋನ್‌ನಾಗ ಸಿಗ್ತೀನಿ’ ಅಂತ ಎರಡು ಸಾಲು ಬರೆದರೆ ಸಾಕು.

ಹೋಗಲೇಬೇಕಾಗಿ ಬಂದರೆ, ಗೇಟಿನ ರಿಜಿಸ್ಟರ್‌ನಲ್ಲಿ ಬಂದ ಸಮಯ ಬರೆಸಿ. ಮಷೀನ್ ಮುಟ್ಟುವ ಮೊದಲೇ ಪೋರ್ಟಲ್‌ನಲ್ಲಿ ರಜೆ ರದ್ದತಿಗೆ ಅರ್ಜಿ ಹಾಕಿಬಿಡಿ, ಮೇಲಿನ ಮೆಸೇಜಿನ ಸ್ಕ್ರೀನ್‌ಶಾಟ್ ಲಗತ್ತಿಸಿ. ಪೇರೋಲ್ ಯಾವ ತಾರೀಖಿಗೆ ಮುಚ್ಚುತ್ತಾರೆ ಅಂತ ಅಕೌಂಟ್ಸ್‌ನವರನ್ನು ಅದೇ ದಿನ ಕೇಳಿಟ್ಟುಕೊಳ್ಳಿ.