ಮದುವೆಗೆ ಫಂಡ್ ಮಾರುವ ಮುಂಚೆ ಕ್ಯಾಲೆಂಡರ್ ನೋಡಿ

ಪ್ರಶ್ನೆ: ಮೇ ತಿಂಗಳಲ್ಲಿ ಮಗಳ ಮದುವೆ. ಛತ್ರಕ್ಕೆ, ಅಡುಗೆಯವರಿಗೆ ಅಂತ 5 ಲಕ್ಷ ಬೇಕು. 2019ರಿಂದ ಒಂದೇ ಈಕ್ವಿಟಿ ಮ್ಯೂಚುವಲ್ ಫಂಡಿಗೆ ಎಸ್‌ಐಪಿ ಕಟ್ಟುತ್ತಿದ್ದೇನೆ, ಈಗಲೂ ನಡೀತಿದೆ. ಅದನ್ನು ಮಾರಿದರೆ ತೆರಿಗೆ ಎಷ್ಟು? ಸಂಬಳ ವರ್ಷಕ್ಕೆ 9 ಲಕ್ಷ. 12 ಲಕ್ಷದ ತನಕ ತೆರಿಗೆನೇ ಇಲ್ಲ ಅಂತಾರಲ್ಲ?
– ಓದುಗರು, ಹಾಸನ

ಉತ್ತರ: ಆ 12 ಲಕ್ಷದ ರಿಯಾಯಿತಿ ನಿಮ್ಮ ಸಂಬಳಕ್ಕೆ ಸಿಗುತ್ತದೆ, ಫಂಡ್ ಮಾರಿದ ಲಾಭಕ್ಕೆ ಸಿಗುವುದಿಲ್ಲ. ಬಹಳ ಜನ ಎಡವುವುದೇ ಇಲ್ಲಿ. ದುಡ್ಡು ಮದುವೆಗೆ ಹೋಯಿತು ಅಂತಲೂ ಬಿಡುವುದಿಲ್ಲ.

ಆದರೆ ತೆರಿಗೆ ಬೀಳುವುದು ಲಾಭದ ಮೇಲೆ ಮಾತ್ರ, 5 ಲಕ್ಷದ ಮೇಲಲ್ಲ. ಎಸ್‌ಐಪಿಯ ಪ್ರತಿ ಕಂತೂ ಬೇರೆ ಬೇರೆ ಖರೀದಿ ಇದ್ದಂತೆ. 12 ತಿಂಗಳು ದಾಟಿದ ಯೂನಿಟ್‌ಗಳ ಲಾಭಕ್ಕೆ ಶೇ 12.5, ಅದಕ್ಕಿಂತ ಹೊಸದಕ್ಕೆ ಶೇ 20. ಇದು 2024ರ ಜುಲೈ 23ರಿಂದ ಇರುವ ದರ. ಒಂದು ಫೋಲಿಯೊದಲ್ಲಿ, ಅಂದರೆ ಫಂಡಿನಲ್ಲಿರುವ ನಿಮ್ಮ ಒಂದು ಖಾತೆಯಲ್ಲಿ, ಮೊದಲು ಕೊಂಡಿದ್ದೇ ಮೊದಲು ಮಾರಾಟವಾಗುತ್ತದೆ. ಹಾಗಾಗಿ ನಿಮ್ಮ ಹೋದ ತಿಂಗಳ ಕಂತಿನ ಚಿಂತೆ ಬಿಡಿ, ಅದು ಹಾಗೇ ಉಳಿಯುತ್ತದೆ. ನಡುವೆ ಬೇರೆ ಫೋಲಿಯೊ ತೆರೆದಿದ್ದರೆ ಮಾತ್ರ ಹಳೆಯದು ಯಾವುದು ಅಂತ ನೋಡಿ, ಅದರಿಂದಲೇ ಮಾರಿ.

ದೀರ್ಘಾವಧಿ ಲಾಭದಲ್ಲಿ, ಅಂದರೆ 12 ತಿಂಗಳು ದಾಟಿದ ಯೂನಿಟ್‌ಗಳ ಲಾಭದಲ್ಲಿ, ಒಂದು ಹಣಕಾಸು ವರ್ಷಕ್ಕೆ 1.25 ಲಕ್ಷದವರೆಗೆ ತೆರಿಗೆ ಇಲ್ಲ. ನಿಮ್ಮ ಹಳೇ ಯೂನಿಟ್‌ಗಳನ್ನು ಸರಾಸರಿ 40 ರೂಪಾಯಿಗೆ ಕೊಂಡಿದ್ದು, ಈಗ ಎನ್‌ಎವಿ, ಅಂದರೆ ಒಂದು ಯೂನಿಟ್‌ನ ಬೆಲೆ, 80 ಇದೆ ಅಂದುಕೊಳ್ಳೋಣ. 5 ಲಕ್ಷಕ್ಕೆ ಮಾರಿದರೆ ಲಾಭ 2.5 ಲಕ್ಷ. ಏಪ್ರಿಲ್‌ನಲ್ಲಿ ಒಟ್ಟಿಗೆ ಮಾರಿದರೆ ಉಳಿದ 1.25 ಲಕ್ಷಕ್ಕೆ 15,625, ಸೆಸ್ ಸೇರಿ 16,250 ರೂಪಾಯಿ ಕಟ್ಟಬೇಕು. ಅದೇ ಅರ್ಧ ಮಾರ್ಚ್‌ನಲ್ಲಿ, ಅರ್ಧ ಏಪ್ರಿಲ್‌ನಲ್ಲಿ ಮಾರಿದರೆ ಎರಡು ವರ್ಷದ ವಿನಾಯಿತಿಯೂ ಸಿಕ್ಕಿ ತೆರಿಗೆ ಸೊನ್ನೆ. ಆ ಎರಡು ವರ್ಷಗಳಲ್ಲಿ ಬೇರೆ ಷೇರು, ಫಂಡ್ ಮಾರಿ ಲಾಭ ಮಾಡಿರಬಾರದು, ಅಷ್ಟೇ.

ಮಾರ್ಚ್ 31ರ ಸಂಜೆಗೆ ಕಾಯಬೇಡಿ. ಮಧ್ಯಾಹ್ನ 3 ಗಂಟೆ ದಾಟಿದ ಅರ್ಜಿಗೆ ಮುಂದಿನ ಕೆಲಸದ ದಿನದ ಎನ್‌ಎವಿ ಸಿಗುತ್ತದೆ, ಆಗ ಅದು ಹೊಸ ವರ್ಷದ ಲೆಕ್ಕಕ್ಕೆ ಹೋಗುತ್ತದೆ. ತಿಂಗಳ ಕೊನೆಗೆ ರಜೆ ಬೀಳುವುದೂ ಉಂಟು. ಒಂದು ವಾರ ಮೊದಲೇ ಮಾರಿಬಿಡಿ.

ಏಪ್ರಿಲ್‌ಗೆ ಉಳಿಸಿದ 2.5 ಲಕ್ಷ ಅಷ್ಟು ದಿನ ಮಾರುಕಟ್ಟೆಯಲ್ಲೇ ಇರುತ್ತದೆ, ಮರೀಬೇಡಿ. ಅದು ಶೇ 6.5 ಕುಸಿದರೆ ನೀವು ಉಳಿಸಿದ ತೆರಿಗೆ ಅಲ್ಲಿಗೆ ಮುಗೀತು. ಏಪ್ರಿಲ್ ಮೊದಲ ವಾರದಲ್ಲೇ ಮಾರುವುದಾದರೆ ಈ ಅಪಾಯ ಒಪ್ಪಬಹುದು. ಮೇ ತನಕ ಎಳೆಯುವುದು ನನಗೆ ಸರಿ ಕಾಣುವುದಿಲ್ಲ. ಛತ್ರದವರಿಗೆ ಮಾರ್ಚ್‌ನಲ್ಲೇ ಪೂರ್ತಿ ಕೊಡಬೇಕಿದ್ದರೆ ಸುಮ್ನೆ ಒಟ್ಟಿಗೆ ಮಾರಿ 16,250 ಕಟ್ಟಿಬಿಡಿ.

ನಿಮ್ಮ ನಿಜವಾದ ಲಾಭ ಎಷ್ಟು ಅಂತ ಫಂಡ್‌ಗಳ ಲೆಕ್ಕ ಇಡುವ ಕ್ಯಾಮ್ಸ್ ಅಥವಾ ಕೆಫಿನ್‌ಟೆಕ್‌ನ ಕ್ಯಾಪಿಟಲ್ ಗೇನ್ಸ್ ಸ್ಟೇಟ್‌ಮೆಂಟಿನಲ್ಲಿ ಸಿಗುತ್ತದೆ. ಫಂಡಿನವರು ನಿಮ್ಮ ದುಡ್ಡಿನಿಂದ ಟಿಡಿಎಸ್ ಹಿಡಿಯುವುದಿಲ್ಲ, ಹಾಗಂತ ತೆರಿಗೆ ಮುಗಿಯಿತು ಅಂತಲ್ಲ. ತೆರಿಗೆ ಸೊನ್ನೆ ಬಂದರೂ ಎರಡೂ ವರ್ಷದ ರಿಟರ್ನ್‌ನಲ್ಲಿ ಈ ಲಾಭವನ್ನು ತೋರಿಸಬೇಕು.