ಬಾಣಂತಿಗೆ ಶತಾವರಿ: ಮೊದಲು ತಕ್ಕಡಿ, ಆಮೇಲೆ ಬೇರು

ಪ್ರಶ್ನೆ: ಮಗಳು ಬಾಣಂತಿ. ಮಗು ಹುಟ್ಟಿದಾಗ 2.8 ಕಿಲೋ, ಐದನೇ ದಿನ 2.6, ಮೊನ್ನೆ 21ನೇ ದಿನಕ್ಕೆ 2.98 ಇತ್ತು. ಸಂಜೆಯಾದರೆ ಬಿಡದೆ ಅಳುತ್ತದೆ. ಹಾಲು ಸಾಲದೆಂದು ಎರಡು ರಾತ್ರಿಯಿಂದ ಡಬ್ಬಿ ಹಾಲು ಕೊಡುತ್ತಿದ್ದೇವೆ. ಶತಾವರಿ ಕೊಡಬಹುದೇ? ಅವಳು ಥೈರಾಯ್ಡ್ ಮಾತ್ರೆ ತಗೊಳ್ಳುತ್ತಾಳೆ.
– ಒಬ್ಬರು ಓದುಗರು, ಉಡುಪಿ

ಉತ್ತರ: ನೀವೇ ಬರೆದ ತೂಕವನ್ನು ಮೊದಲು ನೋಡೋಣ. ಐದನೇ ದಿನದಿಂದ ಇಪ್ಪತ್ತೊಂದನೇ ದಿನಕ್ಕೆ, ಅಂದರೆ 16 ದಿನದಲ್ಲಿ, ಮಗು 380 ಗ್ರಾಂ ಏರಿದೆ. ದಿನಕ್ಕೆ ಸುಮಾರು 24 ಗ್ರಾಂ ಆಯಿತು. ಮೊದಲ ಮೂರು ತಿಂಗಳಲ್ಲಿ ದಿನಕ್ಕೆ 20ರಿಂದ 30 ಗ್ರಾಂ ಏರಿದರೆ ಸಾಕು. ಎರಡು ರಾತ್ರಿಯ ಡಬ್ಬಿ ಹಾಲಿನಿಂದ ಇಷ್ಟು ಬರುವುದಿಲ್ಲ, ಇದು ನಿಮ್ಮ ಮಗಳ ಹಾಲೇ. ಇದರ ಜೊತೆಗೆ 24 ಗಂಟೆಯಲ್ಲಿ ಆರು ಸಲವಾದರೂ ಮಗು ಚೆನ್ನಾಗಿ ಮೂತ್ರ ಮಾಡುತ್ತಿದ್ದರೆ ಹಾಲು ಸಾಲುತ್ತಿದೆ ಎಂದೇ ತಿಳಿಯಿರಿ.

ಸಂಜೆ ಹೊತ್ತು ಅರ್ಧರ್ಧ ಗಂಟೆಗೊಮ್ಮೆ ಹಾಲು ಕೇಳಿ ಅಳುವುದು ಈ ವಯಸ್ಸಿನ ಮಕ್ಕಳಲ್ಲಿ ಸಾಮಾನ್ಯ. ನಿಮ್ಮ ಪತ್ರದಲ್ಲಿ ನಮಗೆ ಕಳವಳ ತಂದದ್ದು ಆ ರಾತ್ರಿಯ ಬಾಟಲಿ. ಎದೆ ಎಷ್ಟು ಖಾಲಿಯಾಗುತ್ತದೋ ಅಷ್ಟು ಹಾಲು ಮತ್ತೆ ಉತ್ಪತ್ತಿಯಾಗುತ್ತದೆ. ಬಾಟಲಿ ಕುಡಿದ ಮಗು ಒಂದು ಹಾಲೂಡಿಕೆಯನ್ನು ಬಿಡುತ್ತದೆ, ಎದೆ ತುಂಬಿಯೇ ಉಳಿಯುತ್ತದೆ, ಕೆಲವು ದಿನದಲ್ಲಿ ಹಾಲು ನಿಜವಾಗಿಯೂ ಕಡಿಮೆಯಾಗುತ್ತದೆ. ಆಮೇಲೆ ಯಾವ ಬೇರು ಕೊಟ್ಟರೂ ಅದು ತುಂಬಿಕೊಡಲಾರದು. ಬಾಟಲಿ ಬಿಡಿಸಿ, ಸಂಜೆ ಎರಡೂ ಬದಿ ಮತ್ತೆ ಮತ್ತೆ ಊಡಿಸಲಿ. ಮಗು ಬರೀ ತೊಟ್ಟನ್ನಲ್ಲ, ಸುತ್ತಲಿನ ಕಪ್ಪು ಭಾಗವನ್ನೂ ಬಾಯಿ ತುಂಬ ಹಿಡಿದಿದೆಯೇ ನೋಡಿ. ಊಡಿಸುವಾಗ ಉದ್ದಕ್ಕೂ ನೋಯುತ್ತಿದ್ದರೆ ಹಿಡಿತ ತಪ್ಪಿದೆ ಎಂದರ್ಥ.

ಇನ್ನು ಶತಾವರಿ. ಆಯುರ್ವೇದದಲ್ಲಿ ಹಾಲು ಹೆಚ್ಚಿಸುವ ದ್ರವ್ಯವೆಂದು ಇದಕ್ಕೆ ಹಳೆಯ ಹೆಸರಿದೆ. ಆದರೆ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. 1996ರಲ್ಲಿ ಹಾಲು ಸಾಲದ 64 ತಾಯಂದಿರಿಗೆ ಶತಾವರಿ ಇದ್ದ ಮಿಶ್ರಣವನ್ನು ಕೊಟ್ಟು ನೋಡಿದಾಗ, ಮಗುವಿನ ತೂಕದಲ್ಲಾಗಲಿ ಹಾಲು ಉತ್ಪತ್ತಿಗೆ ಬೇಕಾದ ಪ್ರೊಲ್ಯಾಕ್ಟಿನ್ ಹಾರ್ಮೋನಿನಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 2011ರಲ್ಲಿ ಪ್ರಕಟವಾದ 60 ತಾಯಂದಿರ ಅಧ್ಯಯನದಲ್ಲಿ ಬರೀ ಬೇರಿನ ಪುಡಿಯನ್ನು ದೇಹತೂಕದ ಕಿಲೋಗೆ 60 ಮಿಲಿಗ್ರಾಂನಂತೆ, ಅಂದರೆ 50 ಕಿಲೋ ತಾಯಿಗೆ ದಿನಕ್ಕೆ 3 ಗ್ರಾಂ, 30 ದಿನ ಕೊಟ್ಟರು. ಪ್ರೊಲ್ಯಾಕ್ಟಿನ್ ಶತಾವರಿ ಕೊಡದ ಗುಂಪಿಗಿಂತ ಮೂರು ಪಟ್ಟು ಹೆಚ್ಚು ಏರಿತು. ಆದರೆ ಹಾರ್ಮೋನು ಏರಿತೆಂದರೆ ಹಾಲೂ ಅಷ್ಟೇ ಏರಿತು ಎಂದಲ್ಲ. ಹಾಲು ಹೆಚ್ಚಿಸುವ ಗಿಡಮೂಲಿಕೆ, ಔಷಧಗಳ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2020ರ ಕೊಕ್ರೇನ್ ವಿಮರ್ಶೆಯೂ ಪುರಾವೆ ದುರ್ಬಲ ಎಂದೇ ಹೇಳಿದೆ. ಆದ್ದರಿಂದ ಹಿಡಿತ, ಊಡಿಕೆ ಸರಿಯಾದ ಮೇಲೂ ತೂಕ ಏರದಿದ್ದರೆ ಮಾತ್ರ, ವೈದ್ಯರನ್ನು ಕೇಳಿಕೊಂಡು ಎರಡು ವಾರ ನೋಡಬಹುದು ಎಂಬುದು ನಮ್ಮ ಅಭಿಪ್ರಾಯ.

ಕೊಡುವುದೇ ಆದರೆ ಹಾಲಿನ ಕಷಾಯ ಒಳ್ಳೆಯದು. ಶಾಸ್ತ್ರೋಕ್ತ ಪ್ರಮಾಣ: ಬೇರು ಒಂದು ಪಾಲು, ಹಾಲು ಎಂಟು, ನೀರು ಮೂವತ್ತೆರಡು. ಒಣಬೇರು 5 ಗ್ರಾಂ ಜಜ್ಜಿ, 40 ಮಿಲಿ ಹಾಲು, 160 ಮಿಲಿ ನೀರು ಹಾಕಿ, ಸಣ್ಣ ಉರಿಯಲ್ಲಿ ಕದಡುತ್ತ ಹಾಲಿನಷ್ಟೇ ಉಳಿಯುವವರೆಗೆ ಕುದಿಸಿ ಸೋಸಿ. ಉರಿ ಜೋರಾದರೆ ತಳ ಹಿಡಿಯುತ್ತದೆ. ತರಿತರಿಯಾಗಿ ಜಜ್ಜಿದರೆ ಸಾಕು, ನುಣ್ಣನೆ ಪುಡಿ ಮಾಡಿದರೆ ಸೋಸುವಾಗ ಬಟ್ಟೆ ಕಟ್ಟಿಕೊಳ್ಳುತ್ತದೆ. ಹಸಿ ಗೆಡ್ಡೆ ಸಿಕ್ಕರೆ ಸಿಪ್ಪೆ ಸುಲಿದು, ನಡುವಿನ ಗಟ್ಟಿ ನಾರನ್ನು ಎಳೆದು ತೆಗೆಯಬೇಕು. ಗ್ರಂಥಿಗೆ ಅಂಗಡಿಯಲ್ಲಿ ಕೊಳ್ಳುವಾಗ ಬೂಷ್ಟು ವಾಸನೆ ಬಂದರೆ ಬೇಡ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಅದು ಬೇಗ ಬರುತ್ತದೆ. ಡಬ್ಬಿಯ ಗ್ರ್ಯಾನ್ಯೂಲ್ಸ್‌ನಲ್ಲಿ ಬಹುಪಾಲು ಸಕ್ಕರೆಯೇ ಇರಬಹುದು, ಮಧುಮೇಹ ಇರುವವರು ಲೇಬಲ್ ಓದಲೇಬೇಕು.

ನಿಮ್ಮ ಮಗಳ ಥೈರಾಯ್ಡ್ ಮಾತ್ರೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬರೀ ನೀರಿನೊಂದಿಗೆ ಹೋಗಬೇಕು. ಹಾಲಿನ ಸುಣ್ಣದಂಶ ಆ ಮಾತ್ರೆಯನ್ನು ಮೈಗೆ ಪೂರ್ತಿ ಹತ್ತಲು ಬಿಡುವುದಿಲ್ಲ. ಹಾಗಾಗಿ ಕಷಾಯ ಸಂಜೆಗಿರಲಿ. ಥೈರಾಯ್ಡ್ ಹತೋಟಿ ತಪ್ಪಿದರೂ ಹಾಲು ಕಡಿಮೆಯಾಗಬಹುದು, ಆದ್ದರಿಂದ ರಕ್ತಪರೀಕ್ಷೆ ಹಳೆಯದಾಗಿದ್ದರೆ ಮತ್ತೊಮ್ಮೆ ಮಾಡಿಸಿ.

ಹಾರ್ಮೋನಿಗೆ ಸ್ಪಂದಿಸುವ ಸ್ತನ ಕ್ಯಾನ್ಸರ್ ಆದವರು, ಗರ್ಭಕೋಶದ ಗೆಡ್ಡೆ ಅಥವಾ ಎಂಡೊಮೆಟ್ರಿಯೋಸಿಸ್ ಇರುವವರು ವೈದ್ಯರನ್ನು ಕೇಳದೆ ಮುಟ್ಟಬಾರದು, ಏಕೆಂದರೆ ಇದರಲ್ಲಿ ಈಸ್ಟ್ರೊಜೆನ್ ಹೋಲುವ ಪರಿಣಾಮದ ಸಂಶಯವಿದೆ. ಲಿಥಿಯಂ, ಮೂತ್ರ ಹೆಚ್ಚಿಸುವ ಮಾತ್ರೆ, ಸಕ್ಕರೆ ಕಾಯಿಲೆಯ ಮದ್ದು ತಗೊಳ್ಳುವವರೂ ಅಷ್ಟೇ. ಗರ್ಭಿಣಿಯರಿಗೆ ಸ್ವಂತ ನಿರ್ಧಾರದಲ್ಲಿ ಬೇಡವೇ ಬೇಡ. ಇಲಿಗಳ ಮೇಲಿನ ಅಧ್ಯಯನದಲ್ಲಿ ಭ್ರೂಣಕ್ಕೆ ತೊಂದರೆ ಕಂಡಿದೆ. ಮೈಮೇಲೆ ದದ್ದು, ತುರಿಕೆ, ಉಬ್ಬಸ ಬಂದರೆ ಅಂದೇ ನಿಲ್ಲಿಸಿ. ಮೆಂತೆ, ಲೇಹ, ಶತಾವರಿ ಎಲ್ಲವನ್ನೂ ಒಟ್ಟಿಗೆ ಆರಂಭಿಸಿದರೆ ಯಾವುದರಿಂದ ತೊಂದರೆ ಎಂದು ಗೊತ್ತಾಗುವುದಿಲ್ಲ.

ವಾರಕ್ಕೊಮ್ಮೆ ಒಂದೇ ತಕ್ಕಡಿಯಲ್ಲಿ, ಬಟ್ಟೆ ಇಲ್ಲದೆ ಮಗುವನ್ನು ತೂಗಿ ಬರೆದಿಡಿ. ಏರಿಕೆ ದಿನಕ್ಕೆ 20 ಗ್ರಾಂಗಿಂತ ಇಳಿದರೆ ಮಕ್ಕಳ ವೈದ್ಯರಿಗೆ ತೋರಿಸಿ. ಮೂತ್ರ ಆರು ಸಲಕ್ಕಿಂತ ಕಡಿಮೆಯಾದರೆ, ಅಥವಾ ಮಗು ಹಾಲಿಗೂ ಏಳದಷ್ಟು ಮಂಕಾದರೆ, ಕಷಾಯಕ್ಕೆ ಕಾಯದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.
– ಸಂಪಾದಕರು