ಜಗಳ ಬಿಡಿಸುವ ಮೊದಲು ಡ್ಯೂಟಿ ಪಟ್ಟಿ ಎಣಿಸಿ: ವಾರ್ಡ್ ಇನ್‌ಚಾರ್ಜ್ ಒಬ್ಬರ ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಸಲಹೆ ಕೇಳಿ ಬಂದವರು 30 ಹಾಸಿಗೆಯ ಮೆಡಿಕಲ್ ವಾರ್ಡೊಂದರ ಇನ್‌ಚಾರ್ಜ್ ಸಿಸ್ಟರ್. ಹುದ್ದೆಗೆ ಹೊಸಬರು. ಕೆಲಸದ ಜೊತೆಗೇ ನರ್ಸಿಂಗ್ ನಾಯಕತ್ವದ ಕೋರ್ಸ್ ಓದುತ್ತಿದ್ದರು. ನಾಲ್ಕು ವಾರದ ಡ್ಯೂಟಿ ಪಟ್ಟಿ ತಯಾರಿಸುವುದು, ಸಿಬ್ಬಂದಿ ಅನುಪಾತವನ್ನು ಸಮರ್ಥಿಸುವುದು, ತಂಡದೊಳಗಿನ ಒಂದು ಸಂಘರ್ಷವನ್ನು ಬಗೆಹರಿಸಿ ವರದಿ ಬರೆಯುವುದು, ಇವು ಅಸೈನ್‌ಮೆಂಟಿನ ಮೂರು ಭಾಗಗಳು. ಮೂರಕ್ಕೂ ಅವರು ತಮ್ಮ ವಾರ್ಡನ್ನೇ ಆರಿಸಿಕೊಂಡಿದ್ದರು. ಮೊದಲೆರಡು ಮುಗಿದಿವೆ, ಮೂರನೆಯದು ಮಾತ್ರ ಕೈಗೆ ಸಿಗುತ್ತಿಲ್ಲ ಎನ್ನುವುದು ಅವರ ದೂರು.

ಸಂಘರ್ಷ ಇಬ್ಬರ ನಡುವಿನದು. ರಾತ್ರಿ ಪಾಳಿ ಮುಗಿಸಿದ ಕಿರಿಯ ಸಿಸ್ಟರ್ ಬೆಳಿಗ್ಗೆ 6ಕ್ಕೆ ಹ್ಯಾಂಡ್‌ಓವರ್ ಕೊಡುವಾಗ ಒಬ್ಬ ರೋಗಿಯ ಇನ್‌ಟೇಕ್-ಔಟ್‌ಪುಟ್ ಚಾರ್ಟಿನ ಮೊತ್ತ ಹಾಕಿರಲಿಲ್ಲ. ಬೆಳಗಿನ ಪಾಳಿಗೆ ಬಂದ ಹಿರಿಯ ಸಿಸ್ಟರ್ ರೋಗಿಯ ಕಡೆಯವರ ಎದುರಿಗೇ ಗದರಿದರು. 'ನಿಮಗೆ ನೈಟ್ ಬಿದ್ದಿದ್ದರೆ ಗೊತ್ತಾಗುತ್ತಿತ್ತು ಅಕ್ಕಾ' ಎಂದು ಕಿರಿಯರು ತಿರುಗಿ ಹೇಳಿದರು. ಅಲ್ಲಿಂದಾಚೆ ಇಬ್ಬರಿಗೂ ಮಾತಿಲ್ಲ. ಹ್ಯಾಂಡ್‌ಓವರ್ ಎಂದರೆ ಪುಸ್ತಕವನ್ನು ಮೇಜಿನ ಮೇಲಿಟ್ಟು ಹೊರಡುವುದು ಎಂದಾಯಿತು. ಕೆಲವು ದಿನಗಳಲ್ಲಿ ಅದರ ಫಲವೂ ಕಂಡಿತು. ರಾತ್ರಿ ಸಕ್ಕರೆ ಪ್ರಮಾಣ ಇಳಿದದ್ದರಿಂದ ಒಬ್ಬ ರೋಗಿಯ ಬೆಳಗಿನ ಇನ್ಸುಲಿನ್ ತಡೆಹಿಡಿಯಲು ವೈದ್ಯರು ಹೇಳಿದ್ದರು. ಕಿರಿಯರು ಅದನ್ನು ನೋಟ್ಸ್‌ನಲ್ಲಿ ಬರೆದಿದ್ದರು, ಬಾಯಲ್ಲಿ ಹೇಳಿರಲಿಲ್ಲ. ಔಷಧಿ ಚಾರ್ಟಿನಲ್ಲಿ ಹಳೆಯ ಆದೇಶವೇ ಉಳಿದಿತ್ತು. ಹಿರಿಯರು ಅದನ್ನು ನೋಡಿ ಸಿರಿಂಜಿಗೆ ಔಷಧಿ ಎಳೆದುಕೊಂಡಾಗ, 'ಇವತ್ತು ಬೇಡ ಅಂದಿದ್ದರಲ್ಲಾ' ಎಂದು ರೋಗಿಯೇ ತಡೆದರು.

ಇನ್‌ಚಾರ್ಜ್ ಆಲೋಚಿಸಿದ್ದ ಪರಿಹಾರ ಒಂದೇ. ಇಬ್ಬರನ್ನೂ ಒಂದೇ ಪಾಳಿಗೆ ಹಾಕದಿರುವುದು. ಅಸೈನ್‌ಮೆಂಟಿನಲ್ಲಿ ಇದಕ್ಕೆ 'ರಾಜಿ' ಎಂದು ಹೆಸರು ಕೊಟ್ಟಿದ್ದರು. ಮೊದಲು ತಿದ್ದಬೇಕಾಗಿದ್ದು ಇದನ್ನೇ. ಒಂದೇ ಪಾಳಿಯಲ್ಲಿರುವ ಇಬ್ಬರು ಒಬ್ಬರಿಗೊಬ್ಬರು ಹ್ಯಾಂಡ್‌ಓವರ್ ಕೊಡುವುದಿಲ್ಲ. ಹಿಂದುಮುಂದಿನ ಪಾಳಿಯಲ್ಲಿರುವವರು ಕೊಡುತ್ತಾರೆ. ಇಬ್ಬರನ್ನೂ ಬೇರೆ ಬೇರೆ ಪಾಳಿಗೆ ಕಳಿಸಿದರೆ ಅವರು ಮುಖಾಮುಖಿಯಾಗುವ ಜಾಗ ಹ್ಯಾಂಡ್‌ಓವರ್ ಮಾತ್ರ ಆಗುತ್ತದೆ, ಮುರಿದಿರುವುದೂ ಅದೇ ಜಾಗ. ಕೋರ್ಸಿನ ಭಾಷೆಯಲ್ಲಿ ಹೇಳುವುದಾದರೆ ಇದು ರಾಜಿಯಲ್ಲ, ತಪ್ಪಿಸಿಕೊಳ್ಳುವಿಕೆ. ರಾಜಿಯಲ್ಲಿ ಎರಡೂ ಕಡೆಯವರು ಏನನ್ನಾದರೂ ಬಿಟ್ಟುಕೊಡಬೇಕು. ಇಲ್ಲಿ ಇಬ್ಬರನ್ನೂ ಯಾರೂ ಏನೂ ಕೇಳಿರಲಿಲ್ಲ.

ಕಿರಿಯರ ಬಾಯಿಂದ ಬಂದ ಮಾತಿನಲ್ಲಿ ಒಂದು ಆರೋಪವಿತ್ತು, ಅದನ್ನು ಪರೀಕ್ಷಿಸಬಹುದಿತ್ತು. ಹಾಗಾಗಿ ಮೊದಲ ಭೇಟಿಯಲ್ಲಿ ಕೊಟ್ಟ ಕೆಲಸ ಇಷ್ಟೇ: ಹಿಂದಿನ ನಾಲ್ಕು ವಾರದ ಪಟ್ಟಿ ತೆಗೆದು ಪ್ರತಿಯೊಬ್ಬರ ಹೆಸರಿನ ಮುಂದೆ ನೈಟ್‌ಗಳನ್ನು ಎಣಿಸಿ ಬರೆಯುವುದು. ಗೋಡೆಗೆ ಅಂಟಿಸಿದ ಪಟ್ಟಿಯಿಂದಲ್ಲ, ಸಹಿ ಮಾಡಿದ ಹಾಜರಿ ಪುಸ್ತಕದಿಂದ. ಇವೆರಡರ ನಡುವೆ ಫೋನಿನಲ್ಲಿ ನಡೆದ ಅದಲುಬದಲುಗಳೆಲ್ಲ ಇರುತ್ತವೆ.

ವಾರ್ಡಿನಲ್ಲಿ ಇನ್‌ಚಾರ್ಜ್ ಬಿಟ್ಟು 14 ಜನ. ಒಬ್ಬರು ಗರ್ಭಿಣಿ, ಒಬ್ಬರಿಗೆ ವೈದ್ಯಕೀಯ ಕಾರಣಕ್ಕೆ ರಾತ್ರಿ ವಿನಾಯಿತಿ. ರಾತ್ರಿಗೆ 3 ಜನರಂತೆ 28 ದಿನಕ್ಕೆ 84 ನೈಟ್. ಉಳಿದ 12 ಜನಕ್ಕೆ ಹಂಚಿದರೆ ತಲಾ 7 ಬರಬೇಕು. ಪುಸ್ತಕದಲ್ಲಿದ್ದ ಲೆಕ್ಕವೇ ಬೇರೆ. ನಾಲ್ವರು ಕಿರಿಯರು ತಲಾ 11 ನೈಟ್ ಮಾಡಿದ್ದರು, ಉಳಿದ ಎಂಟು ಜನ ತಲಾ 5. ಅಂದರೆ 84ರಲ್ಲಿ 44 ನೈಟ್ ನಾಲ್ಕೇ ಜನರ ಮೇಲೆ ಬಿದ್ದಿತ್ತು. ಅಂಟಿಸಿದ ಪಟ್ಟಿಯಲ್ಲಿ ಇಷ್ಟು ಅಂತರ ಇರಲೇ ಇಲ್ಲ. 'ನನ್ನ ನೈಟ್ ನೀನು ಮಾಡು' ಎಂದು ಹಿರಿಯರು ಕೇಳಿದಾಗ ಇಲ್ಲವೆನ್ನಲು ಕಿರಿಯರಿಗೆ ಆಗದೆ, ಒಂದೊಂದಾಗಿ ಸೇರಿಕೊಂಡಿದ್ದವು. ಇನ್ನೊಂದು ಸಂಗತಿಯೂ ಹೊರಬಂತು. ನೈಟ್ ಮುಗಿಸಿ ಬೆಳಿಗ್ಗೆ ಇಳಿದ ದಿನವನ್ನೇ ಪಟ್ಟಿಯಲ್ಲಿ 'ವೀಕ್ಲಿ ಆಫ್' ಎಂದು ಬರೆಯುವ ರೂಢಿ. ಆ ದಿನ ನಿದ್ದೆಯಲ್ಲೇ ಹೋಗುತ್ತದೆ, ಮರುದಿನ ಬೆಳಗಿನ ಡ್ಯೂಟಿಗೆ ಹಾಜರಾಗಬೇಕು. ಹೆಚ್ಚು ನೈಟ್ ಮಾಡಿದವರಿಗೆ ನಿಜವಾದ ರಜೆಯೂ ಕಡಿಮೆ ಸಿಗುತ್ತಿತ್ತು.

ಎರಡನೇ ಭೇಟಿಯಲ್ಲಿ 'ಮುಗಿದಿದೆ' ಎಂದಿದ್ದ ಅನುಪಾತದ ಭಾಗವನ್ನು ತೆರೆದೆವು. ವಾರ್ಡಿನಲ್ಲಿ ಸರಾಸರಿ 27 ರೋಗಿಗಳು. ಬೆಳಿಗ್ಗೆ 5, ಮಧ್ಯಾಹ್ನ 4, ರಾತ್ರಿ 3 ಸಿಸ್ಟರ್. ದಿನಕ್ಕೆ 12 ಡ್ಯೂಟಿ, ವಾರಕ್ಕೆ 84, ಒಬ್ಬರಿಗೆ ವಾರಕ್ಕೆ 6 ಡ್ಯೂಟಿ, ಆದ್ದರಿಂದ 14 ಜನ ಸಾಕು ಎಂದು ಅವರು ಬರೆದಿದ್ದರು. ಭಾಗಾಕಾರ ಸರಿ, ಆದರೆ ಇದು ವರ್ಷದಲ್ಲಿ ಯಾರೂ ಒಂದು ದಿನವೂ ರಜೆ ಹಾಕದ, ಜ್ವರ ಬಾರದ ವಾರ್ಡಿನ ಲೆಕ್ಕ. ಲೆಕ್ಕ ಹಿಡಿಯಬೇಕಾಗಿದ್ದು ವರ್ಷದ ಮೇಲೆ. ಅವರ ಸಂಸ್ಥೆಯ ನಿಯಮದಂತೆ ಒಬ್ಬರಿಗೆ 52 ವಾರದ ರಜೆ, 30 ಗಳಿಕೆ ರಜೆ, 10 ಹಬ್ಬದ ರಜೆ. ಹಾಜರಿ ಪುಸ್ತಕದ ಪ್ರಕಾರ ಅನಾರೋಗ್ಯಕ್ಕೆ ಸರಾಸರಿ 8 ದಿನ. 365ರಲ್ಲಿ 100 ಕಳೆದರೆ ಒಬ್ಬರು ವಾರ್ಡಿಗೆ ಸಿಗುವುದು 265 ದಿನ. ಬೇಕಾಗಿರುವುದು 12ರಂತೆ 365 ದಿನಕ್ಕೆ 4,380 ಡ್ಯೂಟಿ. 265ರಿಂದ ಭಾಗಿಸಿದರೆ 16.5, ಅಂದರೆ 17 ಜನ. 14 ಜನರಿಂದ ಸಿಗುವುದು 3,710 ಡ್ಯೂಟಿ. ವರ್ಷಕ್ಕೆ 670 ಡ್ಯೂಟಿ ಕೊರತೆ, ದಿನಕ್ಕೆ ಹತ್ತಿರಹತ್ತಿರ ಎರಡು.

ಈ ಎರಡು ಡ್ಯೂಟಿಯನ್ನು ದಿನವೂ ಯಾರೋ ತುಂಬುತ್ತಿದ್ದರು. ಯಾರ ಮನೆ ಹತ್ತಿರವೋ, ಯಾರು ಫೋನ್ ಎತ್ತುತ್ತಾರೋ, ಯಾರು ಎದುರಾಡುವುದಿಲ್ಲವೋ ಅವರು. 'ಹಿರಿಯರಿಗೆ ಅಹಂಕಾರ, ಕಿರಿಯರಿಗೆ ಬಾಯಿ ಜಾಸ್ತಿ' ಎಂದು ಇನ್‌ಚಾರ್ಜ್ ಬರೆದಿದ್ದ ಜಗಳದ ಮುಕ್ಕಾಲು ಪಾಲು ಈ ಕೊರತೆಯಿಂದ ಹುಟ್ಟಿದ್ದು ಎನ್ನುವುದು ನನ್ನ ತೀರ್ಮಾನ.

ಅನುಪಾತದ ಬಗ್ಗೆ ಇನ್ನೊಂದು ಮಾತು. 27 ರೋಗಿಗಳಿಗೆ ರಾತ್ರಿ ಮೂವರೆಂದರೆ ಒಬ್ಬರಿಗೆ 9. ಒಬ್ಬರು ಊಟಕ್ಕೆ ಕೂತರೆ ಉಳಿದಿಬ್ಬರಿಗೆ ತಲಾ 13-14. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಮೆಡಿಕಲ್-ಸರ್ಜಿಕಲ್ ವಾರ್ಡಿಗೆ ಕಾನೂನು ಇಟ್ಟಿರುವ ಮಿತಿ ಒಬ್ಬರಿಗೆ 5 ರೋಗಿ, ರಾತ್ರಿಗೂ ಅದೇ, ಊಟದ ವಿರಾಮದಲ್ಲೂ ಅದೇ. ಎಲ್ಲ ಕಡೆ ಅದು ಸಾಧ್ಯವಿಲ್ಲದಿರಬಹುದು. ಆದರೆ ಅನುಪಾತವನ್ನು ಪಾಳಿಯಲ್ಲಿ ಹೆಸರಿರುವವರಿಂದಲ್ಲ, ಆ ಗಳಿಗೆಯಲ್ಲಿ ರೋಗಿಯ ಬಳಿ ಇರುವವರಿಂದ ಎಣಿಸಬೇಕು ಎಂಬುದು ಎಲ್ಲ ಕಡೆಗೂ ಸಲ್ಲುತ್ತದೆ.

ಪಟ್ಟಿ ಹಾಕುವ ಕ್ರಮವನ್ನೂ ಬದಲಿಸಲು ಹೇಳಿದೆ. ಅವರು ಬೆಳಗಿನ ಪಾಳಿಯನ್ನು ಮೊದಲು ತುಂಬಿ, ಉಳಿದ ಹೆಸರುಗಳನ್ನು ರಾತ್ರಿಗೆ ತಳ್ಳುತ್ತಿದ್ದರು. ಇದು ತಿರುಗುಮುರುಗಾಗಬೇಕು. ಮೊದಲು ಮಂಜೂರಾದ ರಜೆಗಳು. ಬಳಿಕ ನಾಲ್ಕೂ ವಾರದ ನೈಟ್‌ಗಳು, ಒಬ್ಬರಿಗೆ 4 ಮತ್ತು 3ರ ಎರಡು ಕಂತಿನಲ್ಲಿ. ಪ್ರತಿ ಕಂತಿನ ನಂತರ ಇಳಿದ ದಿನವನ್ನು 'ನಿದ್ದೆ ದಿನ' ಎಂದೇ ಬರೆದು, ಅದರ ಮರುದಿನ ಆಫ್. ಪ್ರತಿ ರಾತ್ರಿಯ ಮೂವರಲ್ಲಿ ಒಬ್ಬರಾದರೂ ತುರ್ತು ಪರಿಸ್ಥಿತಿಯನ್ನು ತಾವೇ ನಿಭಾಯಿಸಬಲ್ಲವರು ಇದ್ದಾರೆಯೇ ಎಂದು ಇಲ್ಲೇ ನೋಡಬೇಕು. ಹಿರಿಯರಿಲ್ಲದ ರಾತ್ರಿಗಳು ಸಿಕ್ಕಿಬೀಳುವುದು ಈ ಹಂತದಲ್ಲಿ. ಆಮೇಲೆ ಮಧ್ಯಾಹ್ನ, ಕೊನೆಗೆ ಬೆಳಗು. ರಾತ್ರಿ 10ಕ್ಕೆ ಇಳಿದವರನ್ನು ಮರುದಿನ ಬೆಳಿಗ್ಗೆ 6ಕ್ಕೆ ಹಾಕಬಾರದು. ನಡುವೆ ಇರುವ 8 ಗಂಟೆಯಲ್ಲಿ ಹೋಗಿಬರುವ ದಾರಿ, ಊಟ ಕಳೆದರೆ ನಿದ್ದೆಗೆ ಐದು ಗಂಟೆಯೂ ಉಳಿಯುವುದಿಲ್ಲ. ಯುರೋಪಿಯನ್ ಒಕ್ಕೂಟದ 2003ರ ಕೆಲಸದ ಅವಧಿಯ ನಿರ್ದೇಶನ ದಿನಕ್ಕೆ ಸತತ 11 ಗಂಟೆ ವಿರಾಮ ಕೇಳುತ್ತದೆ. ಆ ಅಳತೆಯನ್ನೇ ಇಟ್ಟುಕೊಳ್ಳಿ ಎಂದೆ.

'ನಿದ್ದೆ ದಿನ ಕೊಟ್ಟರೆ ಇರುವ ಜನವೂ ಸಾಲುವುದಿಲ್ಲ ಮೇಡಂ' ಎಂದರು ಅವರು. ಅವರ ಮಾತು ನಿಜ. 12 ಜನಕ್ಕೆ ಎರಡೆರಡರಂತೆ ನಾಲ್ಕು ವಾರಕ್ಕೆ 24 ದಿನ ಹೋಗುತ್ತದೆ, ವರ್ಷಕ್ಕೆ 312. ಅದನ್ನೂ ಸೇರಿಸಿದರೆ ಬೇಕಾದವರು 17 ಅಲ್ಲ, 18. ಈ ವೆಚ್ಚ ಹೊಸದಾಗಿ ಬಂದದ್ದಲ್ಲ. ಇಷ್ಟು ದಿನ ಅದನ್ನು ನೈಟ್ ಮಾಡಿದವರು ತಮ್ಮ ಆಫ್‌ನಿಂದ ಕಟ್ಟುತ್ತಿದ್ದರು. ಈಗ ಅದು ಕಾಗದದ ಮೇಲೆ ಕಾಣಬೇಕು. ಈ ಅಂಕಿಗಳನ್ನು ಒಂದು ಪುಟಕ್ಕೆ ಮೀರದಂತೆ ಬರೆದು ನರ್ಸಿಂಗ್ ಸೂಪರಿಂಟೆಂಡೆಂಟರಿಗೆ ಕೊಡಿ, 'ಸಿಬ್ಬಂದಿ ಕಡಿಮೆ ಇದೆ' ಎಂಬ ವಾಕ್ಯ ಬೇಡ, 4,380, 312, 265, 14 ಈ ನಾಲ್ಕು ಸಂಖ್ಯೆ ಸಾಕು ಎಂದು ಸಲಹೆ ಕೊಟ್ಟೆ. ಹುದ್ದೆ ಮಂಜೂರಾಗುವ ತನಕ ಕೊರತೆಯನ್ನು ಎಲ್ಲಿ ಹೊರುವುದು ಎಂಬುದನ್ನೂ ಅವರೇ ಮುಂಚಿತವಾಗಿ ತೀರ್ಮಾನಿಸಬೇಕು. ರಾತ್ರಿ 3ಕ್ಕಿಂತ ಇಳಿಸುವಂತಿಲ್ಲ. ಬೆಳಿಗ್ಗೆ ಮೇಲಧಿಕಾರಿಗಳೂ ಬೇರೆ ಸಿಬ್ಬಂದಿಯೂ ಇರುವುದರಿಂದ ದಾಖಲಾತಿ ಕಡಿಮೆ ಇರುವ ದಿನಗಳಲ್ಲಿ 5ನ್ನು 4ಕ್ಕೆ ಇಳಿಸಬಹುದು. ಆ ದಿನ ಸ್ಯಾಂಪಲ್ ಲ್ಯಾಬಿಗೆ ಒಯ್ಯುವುದು, ಸ್ಟೋರಿನಿಂದ ಇಂಡೆಂಟ್ ತರುವುದು ಸಿಸ್ಟರುಗಳ ಕೆಲಸವಲ್ಲ ಎಂದು ಬರೆದೇ ಇಡಬೇಕು. ಅದಕ್ಕೂ ಸಾಲದ ದಿನಾಂಕಗಳಿಗೆ ಬೇರೆ ವಾರ್ಡಿನಿಂದ ಜನ ಬೇಕೆಂದು ಪಟ್ಟಿ ಹಾಕುವ ದಿನವೇ ಕೇಳಬೇಕು, ಆ ದಿನ ಬೆಳಿಗ್ಗೆಯಲ್ಲ.

ಇಷ್ಟಾದ ಮೇಲೆ ಇಬ್ಬರ ವಿಷಯ. ಎಣಿಕೆ ಸರಿಯಾದರೆ ಜಗಳ ತಾನಾಗಿ ಕರಗುತ್ತದೆ ಎಂದೇನಿಲ್ಲ, ಎದುರಿಗೆ ಗದರಿದ ನೋವು ಹಾಗೇ ಇರುತ್ತದೆ. ಮೊದಲು ಇಬ್ಬರನ್ನೂ ಬೇರೆ ಬೇರೆಯಾಗಿ, ಡ್ಯೂಟಿ ಸಮಯದಲ್ಲೇ, ನೈಟ್ ಮುಗಿಸಿದ ಬೆಳಗಲ್ಲದ ದಿನ ಕೂರಿಸಿಕೊಂಡು ಕೇಳಲು ಹೇಳಿದೆ. ಸ್ವಭಾವದ ಮಾತು ಬಂದರೆ ಘಟನೆಗೆ ತಿರುಗಿಸಬೇಕು. 'ಅವರು ಯಾವಾಗಲೂ ಹಾಗೇ' ಎಂದರೆ 'ಆ ದಿನ ಏನು ನಡೆಯಿತು, ಯಾರು ಎಲ್ಲಿ ನಿಂತಿದ್ದರು' ಎಂದು ಕೇಳಬೇಕು. ಬಳಿಕ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಇನ್‌ಚಾರ್ಜ್ ತಮ್ಮ ಪಾಲಿನಿಂದ ಆರಂಭಿಸಬೇಕು: 'ನೈಟ್ ಹಂಚಿಕೆ ಸರಿ ಇರಲಿಲ್ಲ, ಅದು ನನ್ನ ಜವಾಬ್ದಾರಿ, ಲೆಕ್ಕ ಇಲ್ಲಿದೆ. ಇನ್ಸುಲಿನ್ ವಿಷಯ ಮತ್ತೆ ಆಗಬಾರದು, ಅದಕ್ಕೆ ನಾವು ಮೂವರೂ ಏನು ಮಾಡೋಣ?' ಇಲ್ಲಿ ಸ್ನೇಹ ಬೆಳೆಸುವ ಗುರಿ ಬೇಡ. ಹ್ಯಾಂಡ್‌ಓವರ್ ಹಾಸಿಗೆಯ ಪಕ್ಕದಲ್ಲಿ ಬಾಯಲ್ಲೇ ಆಗಬೇಕು, ತಡೆಹಿಡಿದ ಮತ್ತು ಬದಲಾದ ಔಷಧಿಗಳನ್ನು ಮೊದಲು ಹೇಳಬೇಕು, ಕೇಳಿದವರು ತಿರುಗಿ ಹೇಳಬೇಕು, ಉಳಿದ ಕೆಲಸದ ತಕರಾರು ಡ್ಯೂಟಿ ಕೋಣೆಯೊಳಗೆ. ಇಷ್ಟರ ಮೇಲೆ ಒಪ್ಪಂದವಾದರೆ ಸಾಕು.

ಹಿರಿಯರ ಕಡೆಯ ಮಾತನ್ನೂ ಕೇಳಲೇಬೇಕಿತ್ತು. 'ಇಷ್ಟು ವರ್ಷ ನೈಟ್ ಮಾಡಿದ್ದೇನೆ, ಈಗಲೂ ಅಷ್ಟೇ ಮಾಡಬೇಕಾ' ಎಂದರಂತೆ. ಸೇವೆಯ ಹಿರಿತನಕ್ಕೆ ರಿಯಾಯಿತಿ ಕೊಡುವುದು ಅನ್ಯಾಯವಲ್ಲ. ಅದು ಯಾರಿಗೂ ಹೇಳದೆ, ಕಿರಿಯರ ಲೆಕ್ಕದಲ್ಲಿ ಸಿಗುತ್ತಿದ್ದುದೇ ತೊಂದರೆ. ರಜೆಯ ದಿನಾಂಕ ಆರಿಸುವಲ್ಲಿ ಹಿರಿಯರಿಗೆ ಮೊದಲ ಅವಕಾಶ, ನೈಟ್ ಸಂಖ್ಯೆ ಎಲ್ಲರಿಗೂ 7 ಎಂದು ಬರೆದಿಟ್ಟರು. ಅದಲುಬದಲಿಗೆ ಇಬ್ಬರ ಸಹಿಯೂ ಇನ್‌ಚಾರ್ಜ್ ಸಹಿಯೂ ಬೇಕು, ನೈಟ್‌ಗೆ ಬದಲಾಗಿ ನೈಟನ್ನೇ ಕೊಡಬೇಕು ಎಂಬ ನಿಯಮ ಬಂತು. ಪ್ರತಿಯೊಬ್ಬರ ನೈಟ್ ಎಣಿಕೆ ಪಟ್ಟಿಯ ಕೊನೆಯ ಕಾಲಮ್ಮಿನಲ್ಲಿ ಎಲ್ಲರಿಗೂ ಕಾಣುವಂತೆ ಇರುತ್ತದೆ.

ಹೊಸ ಪಟ್ಟಿಯ ಮೊದಲ ನಾಲ್ಕು ವಾರದಲ್ಲಿ ನೈಟ್‌ಗಳು 6ರಿಂದ 8ರ ನಡುವೆ ನಿಂತವು. ಇಬ್ಬರೂ ಹಾಸಿಗೆಯ ಪಕ್ಕ ನಿಂತು ಹ್ಯಾಂಡ್‌ಓವರ್ ಮಾಡುತ್ತಿದ್ದಾರೆ, ಅದರಾಚೆಗೆ ಮಾತು ಕಡಿಮೆಯೇ. ಹುದ್ದೆಗಳ ಕೋರಿಕೆಗೆ ಇನ್ನೂ ಉತ್ತರ ಬಂದಿಲ್ಲ. ಗರ್ಭಿಣಿ ಸಿಸ್ಟರ್ ಹೆರಿಗೆ ರಜೆಗೆ ಹೋದ ದಿನದಿಂದ 14 ಎಂಬುದು 13 ಆಗುತ್ತದೆ, ವರ್ಷಕ್ಕೆ 265ರ ದರದಲ್ಲಿ ತಿಂಗಳಿಗೆ 22 ಡ್ಯೂಟಿ ಇನ್ನೂ ಕಡಿಮೆ. ಆ ದಿನಾಂಕ ಈಗಲೇ ಗೊತ್ತಿರುವುದರಿಂದ ಬದಲಿ ಸಿಬ್ಬಂದಿಯ ಕೋರಿಕೆಯನ್ನು ಎರಡನೇ ಪತ್ರವಾಗಿ ಈ ವಾರವೇ ಕಳಿಸಲು ಹೇಳಿದ್ದೇನೆ.